ಎತ್ತರ ಕೈಯಲ್ಲಿದ್ದರೆ ಕೊಟ್: ಕುಲಶೇಖರದ ಪಿಯುಸಿ ವಿದ್ಯಾರ್ಥಿಗಳಿಗೊಂದು ಬಹಿರಂಗ ಪತ್ರ

ಕುಲಶೇಖರ, ಪಡೀಲು, ಬಿಕರ್ನಕಟ್ಟೆ, ಶಕ್ತಿನಗರದ ಪ್ರಥಮ ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳಿಗೆ,

ಈ ವರ್ಷ ನಿಮ್ಮ ಗಣಿತ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ ತ್ರಿಕೋನಮಿತಿಯ ಆರೂ ಫಲನಗಳು ಗ್ರಾಫ್ ಸಮೇತ ಬರುತ್ತವೆ. ಸೈನ್, ಕೊಸೈನ್, ಟ್ಯಾನ್ ಮೂರನ್ನು ನೀವು ಹತ್ತನೇ ತರಗತಿಯಿಂದಲೇ ಬಳಸಿದ್ದೀರಿ. ಉಳಿದ ಮೂರು, ಅಂದರೆ ಕೊಸೀಕೆಂಟ್, ಸೀಕೆಂಟ್, ಕೊಟ್ಯಾಂಜೆಂಟ್, ಮೊದಲಿನ ಮೂರರ ವ್ಯುತ್ಕ್ರಮಗಳು ಎಂದು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುವುದು ವಾಡಿಕೆ. "ಒಂದನ್ನು ಸೈನ್‌ನಿಂದ ಭಾಗಿಸಿದರಾಯಿತು, ಅದಕ್ಕೆ ಬೇರೆ ಹೆಸರು ಯಾಕೆ?" ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ನಿಮ್ಮ ಮನೆಯ ಹತ್ತಿರವೇ, ಪಡೀಲು ಮತ್ತು ಕುಲಶೇಖರದ ನಡುವೆ ರೈಲು ಹಳಿಗಾಗಿ ಕಡಿದ ಗುಡ್ಡದಲ್ಲಿ ಇದೆ ಎಂದು ನನಗೆ ಅನ್ನಿಸಿದ್ದರಿಂದ ಈ ಪತ್ರ.

2019ರ ಆಗಸ್ಟ್ 23ರಂದು ಅಲ್ಲಿ ಗುಡ್ಡ ಜರಿದು ಹಳಿಯ ಮೇಲೆ ಬಿದ್ದದ್ದು ನಿಮಗೆ ಚಿಕ್ಕಂದಿನ ನೆನಪಾಗಿರಬಹುದು. ಕೊಂಕಣ ರೈಲು ಮಾರ್ಗದ ಕಡೆಗೆ ಹೋಗಬೇಕಾದ ಗಾಡಿಗಳು ಹಲವು ದಿನ ನಿಂತವು. ಕೆಸರು ತೆಗೆದಷ್ಟೂ ಮೇಲಿನಿಂದ ಮತ್ತೆ ಇಳಿಯುತ್ತಿದ್ದುದರಿಂದ ಕೊನೆಗೆ ಪಕ್ಕದಲ್ಲಿ ಬೇರೆ ಹಳಿ ಹಾಕಿ ಸಂಚಾರ ಶುರುಮಾಡಿದರು. ನಮ್ಮೂರ ಗುಡ್ಡಗಳ ರಚನೆ ನಿಮಗೆ ಗೊತ್ತೇ ಇದೆ: ಮೇಲೆ ಗಟ್ಟಿ ಮುರಕಲ್ಲು, ಅದರ ಕೆಳಗೆ ಶೇಡಿ ಮಣ್ಣು. ಒಣಗಿದ್ದಾಗ ಶೇಡಿ ಗೋಡೆಯಂತೆ ನೇರ ನಿಲ್ಲುತ್ತದೆ. ನೀರು ಹೊಕ್ಕರೆ ಅದರ ಬಿಗಿ ಹೋಗುತ್ತದೆ. ಹಾಗಾಗಿ ಗುಡ್ಡ ಕಡಿಯುವವರು ಮೊದಲು ತೀರ್ಮಾನಿಸಬೇಕಾದದ್ದು ಇಳಿಜಾರನ್ನು ಎಷ್ಟು ಕೋನದಲ್ಲಿ ಬಿಡಬೇಕು ಎಂಬುದನ್ನು.

ಈ ಲೆಕ್ಕದಲ್ಲಿ ಕೈಯಲ್ಲಿರುವುದು ಏನು ಎಂದು ನೋಡಿ. ಹಳಿ ಯಾವ ಮಟ್ಟದಲ್ಲಿ ಹೋಗಬೇಕೆಂಬುದು ನಿಗದಿಯಾಗಿದೆ, ಗುಡ್ಡದ ನೆತ್ತಿ ಎಲ್ಲಿದೆ ಎಂಬುದೂ ಗೊತ್ತು. ಆದ್ದರಿಂದ ಕಡಿಯಬೇಕಾದ ಎತ್ತರ ನಮ್ಮ ಆಯ್ಕೆಯಲ್ಲ. ಲೆಕ್ಕಕ್ಕಾಗಿ ಅದನ್ನು 20 ಮೀಟರ್ ಎಂದು ಹಿಡಿಯೋಣ. ತಿಳಿಯಬೇಕಾದದ್ದು ಎರಡು: ಇಳಿಜಾರು ನೆಲದ ಮೇಲೆ ಎಷ್ಟು ಅಗಲ ಜಾಗ ತಿನ್ನುತ್ತದೆ, ಮತ್ತು ಓರೆಯ ಉದ್ದ ಎಷ್ಟು. ಮೊದಲನೆಯದು ಭೂಮಿಯ ಖರ್ಚು. ಎರಡನೆಯದು ಇಳಿಜಾರಿಗೆ ಹಾಸುವ ಬಲೆ, ಹುಲ್ಲು, ಕಾಂಕ್ರೀಟಿನ ಖರ್ಚು. ಇಳಿಜಾರಿನ ಕೋನ θ ಆದರೆ, ಟ್ಯಾನ್ ಹಿಡಿದು ಹೊರಟವರು tan θ = 20/x ಎಂದು ಬರೆದು, x ಅನ್ನು ಛೇದದಿಂದ ಮೇಲೆ ತಂದು, ಮತ್ತೆ ಭಾಗಿಸುತ್ತಾರೆ. ಕೊಟ್ ಹಿಡಿದವರಿಗೆ ಅಗಲ ನೇರವಾಗಿ 20 cot θ, ಓರೆಯ ಉದ್ದ ನೇರವಾಗಿ 20 cosec θ. ಗೊತ್ತಿರುವ ಬಾಹುವನ್ನು ಛೇದದಲ್ಲಿಟ್ಟುಕೊಂಡ ಅನುಪಾತವನ್ನು ಆರಿಸಿದರೆ ಗೊತ್ತಿಲ್ಲದ್ದು ಗುಣಾಕಾರದಲ್ಲೇ ಬರುತ್ತದೆ. ಎದುರಿನ ಬಾಹು, ಅಂದರೆ ಎತ್ತರ, ಗೊತ್ತಿದ್ದಾಗ ಕೊಟ್ ಮತ್ತು ಕೊಸೆಕ್. ಪಕ್ಕದ ಬಾಹು, ಅಂದರೆ ನೆಲದ ಅಳತೆ, ಗೊತ್ತಿದ್ದಾಗ ಟ್ಯಾನ್ ಮತ್ತು ಸೆಕ್. ಕರ್ಣ ಗೊತ್ತಿದ್ದಾಗ ಸೈನ್ ಮತ್ತು ಕೊಸೈನ್. ಆರು ಹೆಸರುಗಳು ಮೂರು ಜೋಡಿಗಳಾಗಿ ಹೀಗೆ ಕೂರುತ್ತವೆ.

ಒಂದು ಭಾಗಾಕಾರ ಉಳಿಯಿತು ಎಂಬುದಷ್ಟೇ ಲಾಭವಾಗಿದ್ದರೆ ನಾನು ಇಷ್ಟು ಉದ್ದದ ಪತ್ರ ಬರೆಯುತ್ತಿರಲಿಲ್ಲ. ಹೆಚ್ಚಿನ ಲಾಭ ಗ್ರಾಫಿನಲ್ಲಿದೆ. 20 cot θ ಎಂಬುದು ಕೊಟ್ ಗ್ರಾಫ್ ಅನ್ನೇ ಇಪ್ಪತ್ತು ಪಟ್ಟು ಎತ್ತರಿಸಿದ್ದು. ಅಂದರೆ ನಿಮ್ಮ ಪುಸ್ತಕದಲ್ಲಿರುವ ಆ ವಕ್ರರೇಖೆ ಈ ಗುಡ್ಡದ ಮಟ್ಟಿಗೆ ಜಾಗದ ಖರ್ಚಿನ ಪಟ್ಟಿ. 75 ಡಿಗ್ರಿಯಲ್ಲಿ ಕಡಿದರೆ 5.4 ಮೀಟರ್ ಅಗಲ ಸಾಕು. 60 ಡಿಗ್ರಿಗೆ ಇಳಿಸಿದರೆ 11.5 ಮೀಟರ್ ಬೇಕು. 45ಕ್ಕೆ 20 ಮೀಟರ್, 30ಕ್ಕೆ 34.6, 20ಕ್ಕೆ 55, 10 ಡಿಗ್ರಿಗೆ 113 ಮೀಟರ್. ಎಡಕ್ಕೆ, ಸೊನ್ನೆಯ ಕಡೆಗೆ ಹೋದಂತೆ ರೇಖೆ ಆಕಾಶಕ್ಕೆ ಏರುವುದನ್ನು ಪುಸ್ತಕದಲ್ಲಿ ಚುಕ್ಕೆ ಗೆರೆಯ ಪಕ್ಕ ನೋಡಿದ್ದೀರಿ. ಇಲ್ಲಿ ಅದರ ಅರ್ಥ ಇಷ್ಟೇ: ಕಡಿದಾದ ಇಳಿಜಾರನ್ನು ಒಂದು ಡಿಗ್ರಿ ಇಳಿಸುವುದು ಅಗ್ಗ, ಮೊದಲೇ ಚಪ್ಪಟೆಯಾಗಿರುವುದನ್ನು ಇನ್ನೊಂದು ಡಿಗ್ರಿ ಇಳಿಸುವುದು ದುಬಾರಿ. 60ರ ಹತ್ತಿರ ಒಂದು ಡಿಗ್ರಿಗೆ ಅರ್ಧ ಮೀಟರಿಗಿಂತ ಕಡಿಮೆ ಜಾಗ ಹೋಗುತ್ತದೆ, 20ರ ಹತ್ತಿರ ಸುಮಾರು 3 ಮೀಟರ್. ಮುಂದೆ ನೀವು ಅವಕಲನ ಕಲಿತಾಗ ಕೊಟ್‌ನ ಇಳಿತದ ದರ cosec² θ ಎಂದು ತಿಳಿಯುತ್ತದೆ, ಆಗ ಈ ಅಂಕಿಗಳನ್ನು ಮತ್ತೆ ತೆಗೆದು ನೋಡಿ.

ಈಗ ಅದೇ ಕಾಗದದ ಮೇಲೆ 20 cosec θ ಅನ್ನೂ ಎಳೆಯಿರಿ. 10 ಡಿಗ್ರಿಯಲ್ಲಿ ಓರೆಯ ಉದ್ದ 115.2 ಮೀಟರ್, ಅಗಲ 113.4. ಎರಡು ರೇಖೆಗಳೂ ಅಂಟಿಕೊಂಡಂತೆ ಏರುತ್ತವೆ. 90ರ ಕಡೆಗೆ ಬಂದರೆ ಬೇರೆಯಾಗುತ್ತವೆ: ಕೊಸೆಕ್‌ನ ರೇಖೆ 20ರಲ್ಲಿ ತಳ ಮುಟ್ಟಿ ನಿಲ್ಲುತ್ತದೆ, ಕೊಟ್‌ನದು ಸೊನ್ನೆಗೆ ಇಳಿಯುತ್ತದೆ. ನೇರ ಗೋಡೆಗೆ ಉದ್ದ 20 ಮೀಟರ್ ಇದೆ, ಅಗಲ ಇಲ್ಲ. ಕೊಸೆಕ್ ಬೆಲೆ ಒಂದಕ್ಕಿಂತ ಕೆಳಗೆ ಯಾಕೆ ಬರುವುದಿಲ್ಲ ಎಂದು ಬಾಯಿಪಾಠ ಮಾಡಬೇಕಾಗಿಲ್ಲ, 20 ಮೀಟರ್ ಎತ್ತರವನ್ನು 20 ಮೀಟರಿಗಿಂತ ಚಿಕ್ಕ ಏಣಿಯಿಂದ ಹತ್ತಲಾಗದು. ಸಣ್ಣ ಕೋನದಲ್ಲಿ ಎರಡೂ ಒಂದಾಗುವುದಕ್ಕೂ ನಮ್ಮ ಕಡೆಯದೇ ಸಾಕ್ಷಿ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ಘಾಟಿಯ ಹಳಿಯ ಇಳಿಜಾರು 50ಕ್ಕೆ 1. ಆ 50 ಅನ್ನು ಹಳಿಯ ಉದ್ದಕ್ಕೆ ಅಳೆದದ್ದೋ ನಕ್ಷೆಯ ಮೇಲೆ ಅಡ್ಡಕ್ಕೆ ಅಳೆದದ್ದೋ ಎಂದು ಕೇಳಿದರೆ, ಒಂದು ಕೊಸೆಕ್, ಇನ್ನೊಂದು ಕೊಟ್. cosec² θ − cot² θ = 1 ಎಂಬ ಸೂತ್ರದಿಂದ, ಕೊಟ್ 50 ಆದಾಗ ಕೊಸೆಕ್ 2501ರ ವರ್ಗಮೂಲ, ಅಂದರೆ 50.01. ಐವತ್ತು ಮೀಟರಿಗೆ ಒಂದು ಸೆಂಟಿಮೀಟರ್ ವ್ಯತ್ಯಾಸ. ಗುಡ್ಡ ಕಡಿಯುವಲ್ಲಿ ಆ ಸಡಿಲಿಕೆ ಇಲ್ಲ.

ಗ್ರಾಫಿನ ಬಲಭಾಗವನ್ನು, 90ರಿಂದ 180ರವರೆಗಿನ ಭಾಗವನ್ನು, ಹೆಚ್ಚಿನವರು ಪರೀಕ್ಷೆಗಷ್ಟೇ ಎಳೆಯುತ್ತಾರೆ. ಅಲ್ಲಿ ಕೊಟ್ ಋಣವಾಗುತ್ತದೆ, ಕೊಸೆಕ್ ಧನವಾಗಿಯೇ ಉಳಿಯುತ್ತದೆ. ನಮ್ಮ ಗುಡ್ಡಗಳಲ್ಲಿ ಇದೂ ನಡೆಯುತ್ತದೆ. ಮಳೆಗೆ ಕೆಳಗಿನ ಶೇಡಿ ಕೊರೆದುಹೋಗಿ ಮೇಲಿನ ಮುರಕಲ್ಲು ಹಾಗೆಯೇ ಮುಂದಕ್ಕೆ ಚಾಚಿ ನಿಂತಿರುವುದನ್ನು ನೋಡಿಲ್ಲವೇ? ಆಗ ಮೇಲಂಚು ಬುಡಕ್ಕಿಂತ ಹಿಂದೆ ಇರುವುದಿಲ್ಲ, ಬುಡದ ಮೇಲೆಯೇ ಮುಂದೆ ಬಂದಿರುತ್ತದೆ. ಕೋನ 100 ಡಿಗ್ರಿ ಆದರೆ cot 100° = −0.176, ಅಂದರೆ 20 ಮೀಟರ್ ಎತ್ತರದಲ್ಲಿ ಮೇಲಂಚು ಮೂರೂವರೆ ಮೀಟರ್ ಹೊರಗೆ ತೂಗುತ್ತಿದೆ. ಋಣ ಚಿಹ್ನೆ ಸುಮ್ಮನೆ ಬಂದದ್ದಲ್ಲ, ಆ ಕಲ್ಲಿನ ಕೆಳಗೆ ನಿಲ್ಲಬಾರದು ಎಂಬ ಸೂಚನೆ ಅದರಲ್ಲಿದೆ. ಓರೆಯ ಉದ್ದವಾದರೋ ಯಾವ ಕಡೆ ವಾಲಿದರೂ ಉದ್ದವೇ, ಅದಕ್ಕೆ ಕೊಸೆಕ್‌ಗೆ ಇಲ್ಲಿ ಋಣವಿಲ್ಲ.

ಕೋನ ಎಷ್ಟಿರಬೇಕು ಎಂಬುದಕ್ಕೂ ಕೊಟ್‌ನ ಮೂಲಕವೇ ಹೋಗುವುದು ಸುಲಭ. ಅಂಟು ಇಲ್ಲದ ಒಣ ಮಣ್ಣಿನ ಇಳಿಜಾರಿನ ಮೇಲೆ ಒಂದು ತೆಳು ಪದರವನ್ನು ಊಹಿಸಿ, ಅದರ ತೂಕ W. ಕೆಳಗೆ ಜಾರಿಸುವ ಬಲ W sin θ. ಇಳಿಜಾರನ್ನು ಒತ್ತುವ ಬಲ W cos θ. ಮಣ್ಣಿನ ಘರ್ಷಣೆಯ ಕೋನ φ ಆದರೆ ಹಿಡಿದಿಡುವ ಬಲ W cos θ tan φ. ಹಿಡಿಯುವುದನ್ನು ಜಾರಿಸುವುದರಿಂದ ಭಾಗಿಸಿದರೆ W ಹೊಡೆದುಹೋಗಿ tan φ cot θ ಉಳಿಯುತ್ತದೆ. ಇದನ್ನು ಇಂಜಿನಿಯರುಗಳು ಸುರಕ್ಷಾ ಅಂಶ ಎನ್ನುತ್ತಾರೆ. ಒಂದಕ್ಕಿಂತ ಕಡಿಮೆಯಾದರೆ ಮಣ್ಣು ಜಾರುತ್ತದೆ. φ 32 ಡಿಗ್ರಿ, θ 30 ಡಿಗ್ರಿ ಆದರೆ 0.625 × 1.732, ಅಂದರೆ 1.08. ಅಂಚಿನಲ್ಲಿದೆ, ಆದರೆ ನಿಂತಿದೆ.

ಈಗ ಆಟಿಯ ಮಳೆ ಬಂತು ಎನ್ನಿ. ಮಣ್ಣು ಮೇಲಿನವರೆಗೂ ತೊಯ್ದು, ಒಳಗಿನ ನೀರು ಇಳಿಜಾರಿಗೆ ಸಮಾಂತರವಾಗಿ ಇಳಿಯುತ್ತಿದ್ದರೆ, ಮಣ್ಣಿನ ಕಣಗಳು ಒಂದನ್ನೊಂದು ಒತ್ತುವ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ತೊಯ್ದ ಮಣ್ಣಿನ ಸಾಂದ್ರತೆಯಲ್ಲಿ ನೀರಿನ ಸಾಂದ್ರತೆ ಹತ್ತಿರ ಹತ್ತಿರ ಅರ್ಧದಷ್ಟಿರುವುದೇ ಇದಕ್ಕೆ ಕಾರಣ. ಸುರಕ್ಷಾ ಅಂಶ 0.54 ಆಯಿತು, ಇಳಿಜಾರು ನಿಲ್ಲದು. ಮಳೆಯಲ್ಲೂ ಮೊದಲಿನ 1.08 ಬೇಕೆಂದರೆ ಏನು ಮಾಡಬೇಕು? ಕೊಟ್ ಅನ್ನು ಇಮ್ಮಡಿ ಮಾಡಬೇಕು: 1.732 ಹೋಗಿ 3.464. ಅಗಲ 34.6 ಮೀಟರ್ ಹೋಗಿ 69.3 ಮೀಟರ್. ಕೋನ ಸುಮಾರು 16 ಡಿಗ್ರಿ. ಟ್ಯಾನ್‌ನಲ್ಲಿ ಬರೆದಿದ್ದರೆ ಇದೇ ಸಂಗತಿ ಛೇದದಲ್ಲಿ ಅಡಗಿರುತ್ತಿತ್ತು. ಕೊಟ್‌ನಲ್ಲಿ ಬರೆದಾಗ ಸುರಕ್ಷೆ ಇಮ್ಮಡಿ ಎಂದರೆ ಜಾಗ ಇಮ್ಮಡಿ ಎಂಬುದು ಕಣ್ಣಿಗೆ ಕಾಣುತ್ತದೆ. ಪಕ್ಕದಲ್ಲೇ ಮನೆಗಳಿರುವ ಊರಿನಲ್ಲಿ ಆ ಜಾಗ ಸಿಗುವುದಿಲ್ಲ, ಹಾಗಾಗಿ ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ತಡೆಗೋಡೆ ಕಟ್ಟುವುದು, ಮುಖ್ಯವಾಗಿ ನೀರು ಒಳಗೆ ಇಳಿಯದಂತೆ ನೆತ್ತಿಯಲ್ಲಿ ಚರಂಡಿ ಮಾಡುವುದು ಅನಿವಾರ್ಯವಾಗುತ್ತದೆ. ಈ ಸೂತ್ರದ ಮಿತಿಯನ್ನೂ ಹೇಳಿಬಿಡುತ್ತೇನೆ. ಇದು ಅಂಟಿಲ್ಲದ ಮಣ್ಣಿಗೆ. ಶೇಡಿಗೆ ಒಣಗಿದ್ದಾಗ ಅಂಟು ಇರುತ್ತದೆ, ಅದರಿಂದಲೇ ಅದು 60, 70 ಡಿಗ್ರಿಯಲ್ಲೂ ನಿಂತು ನಮ್ಮನ್ನು ನಂಬಿಸುತ್ತದೆ. ಬೇಸಿಗೆಯಲ್ಲಿ ನಿಂತಿದೆ ಎಂಬುದು ಮಳೆಗಾಲಕ್ಕೆ ಸಾಕ್ಷಿಯಲ್ಲ. ನಿಜವಾದ ವಿನ್ಯಾಸಕ್ಕೆ ಅಲ್ಲಿಯ ಮಣ್ಣನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಯೇ ತೀರಬೇಕು.

ಕಡಿದ ಗುಡ್ಡದ ಎತ್ತರವೇ ಗೊತ್ತಿಲ್ಲದಿದ್ದರೆ? ಮೇಲಂಚಿನ ನೇರ ಕೆಳಗಿನ ಬಿಂದು ಮಣ್ಣಿನ ಒಳಗಿದೆ, ಅಲ್ಲಿಗೆ ಟೇಪು ಹಿಡಿಯಲಾಗದು. ಇದು ನೀವು ಎಸ್ಸೆಸ್ಸೆಲ್ಸಿಯಲ್ಲಿ ಮಾಡಿದ "ಎರಡು ಉನ್ನತ ಕೋನ"ದ ಲೆಕ್ಕ. ಆಗ ಎರಡು ಸಮೀಕರಣ ಬರೆದು ಬಿಡಿಸಿದ್ದಿರಿ. ಕೊಟ್‌ನಲ್ಲಿ ಒಂದು ವ್ಯವಕಲನ ಸಾಕು. ದೂರದ ಬಿಂದುವಿನಿಂದ ಕೋನ α, ಹತ್ತಿರದಿಂದ β, ಎರಡರ ನಡುವೆ ದೂರ d, ಮೇಲಂಚಿನ ಎತ್ತರ h. ದೂರದ ಬಿಂದುವಿನಿಂದ ಮೇಲಂಚಿನ ನೇರ ಕೆಳಗಿನ ಬಿಂದುವಿಗೆ h cot α, ಹತ್ತಿರದಿಂದ h cot β. ಕಳೆದರೆ d. ಹಾಗಾಗಿ

h = d / (cot α − cot β)

ರಸ್ತೆಯ ಕಡೆಯಿಂದ, ಸಮತಟ್ಟಾದ ಜಾಗದಲ್ಲಿ ನಿಂತು (ಹಳಿಯ ಮೇಲೆ ಖಂಡಿತ ಬೇಡ) ಒಂದು ಗುಡ್ಡವನ್ನು ನೋಡಿದಿರಿ ಎನ್ನಿ. α 30 ಡಿಗ್ರಿ, β 45 ಡಿಗ್ರಿ, d 13.5 ಮೀಟರ್. cot 30° − cot 45° = 0.732. 13.5 ಅನ್ನು ಅದರಿಂದ ಭಾಗಿಸಿದರೆ 18.4. ಇದು ನಿಮ್ಮ ಕಣ್ಣಿನ ಮಟ್ಟದಿಂದ ಮೇಲಿನದು, ಕಣ್ಣಿನ ಎತ್ತರ 1.5 ಸೇರಿಸಿದರೆ ಹತ್ತಿರ ಹತ್ತಿರ 20 ಮೀಟರ್. ಇನ್ನೂ ಒಂದು ಸಂಗತಿ ಇದರಿಂದಲೇ ಸಿಗುತ್ತದೆ. ಹತ್ತಿರದ ಬಿಂದುವಿನಿಂದ ಮೇಲಂಚಿನ ನೇರ ಕೆಳಗಿನವರೆಗೆ 18.4 ಮೀಟರ್, ಅದೇ ಬಿಂದುವಿನಿಂದ ಇಳಿಜಾರಿನ ಬುಡಕ್ಕೆ ಟೇಪು ಹಿಡಿದರೆ 9 ಮೀಟರ್ ಬಂತು ಎಂದುಕೊಳ್ಳಿ. ಉಳಿದ 9.4 ಮೀಟರ್ ಇಳಿಜಾರು ತಿಂದ ಅಗಲ. 9.4 ಅನ್ನು 20ರಿಂದ ಭಾಗಿಸಿದರೆ ಕೊಟ್ 0.47, ಕೋನ ಸುಮಾರು 65 ಡಿಗ್ರಿ. ಗುಡ್ಡವನ್ನು ಮುಟ್ಟದೆ ಅದು ಎಷ್ಟು ಕಡಿದಾಗಿದೆ ಎಂದು ಹೇಳಿದಿರಿ.

ಈ ಸೂತ್ರ ಎಲ್ಲಿ ಕೈಕೊಡುತ್ತದೆ ಎಂಬುದೂ ಅದರಲ್ಲೇ ಬರೆದಿದೆ. ಎರಡು ಬಿಂದುಗಳು ತೀರ ಹತ್ತಿರವಾದರೆ ಎರಡು ಕೊಟ್‌ಗಳ ವ್ಯತ್ಯಾಸ ಚಿಕ್ಕದಾಗುತ್ತದೆ, ಚಿಕ್ಕದರಿಂದ ಭಾಗಿಸಿದಾಗ ಅಳತೆಯ ತಪ್ಪು ದೊಡ್ಡದಾಗುತ್ತದೆ. 13.5 ಮೀಟರ್ ಅಂತರದಲ್ಲಿ 30ರ ಬದಲು 31 ಎಂದು ಓದಿದರೆ ಎತ್ತರ ಸುಮಾರು 2 ಮೀಟರ್ ಹೆಚ್ಚು ಬರುತ್ತದೆ. ಅದೇ ಗುಡ್ಡಕ್ಕೆ 3 ಮೀಟರ್ ಅಂತರದಲ್ಲಿ ನಿಂತು ದೂರದ ಕೋನದಲ್ಲಿ ಒಂದು ಡಿಗ್ರಿ ತಪ್ಪಿದರೆ 6 ಮೀಟರ್ ಹೆಚ್ಚು ಬರುತ್ತದೆ. ಕೋನಮಾಪಕಕ್ಕೆ ದಾರ ಕಟ್ಟಿ ಕಲ್ಲು ತೂಗಿಸಿ ಅಳೆಯುವ ನಿಮಗೆ ಒಂದು ಡಿಗ್ರಿ ತಪ್ಪುವುದು ಸಹಜ, ಆದ್ದರಿಂದ ಎರಡು ಬಿಂದುಗಳ ನಡುವೆ ಗುಡ್ಡದ ಎತ್ತರಕ್ಕೆ ಹೋಲಿಸಬಹುದಾದಷ್ಟು ಅಂತರ ಬಿಡಿ.

ಈ ವಿಚಾರ ಹೊಸದಲ್ಲ. ನಮ್ಮ ಜ್ಯೋತಿಷ ಗ್ರಂಥಕಾರರು ಹನ್ನೆರಡು ಅಂಗುಲದ ಶಂಕುವನ್ನು ನೆಟ್ಟು ಅದರ ನೆರಳು ಅಳೆಯುತ್ತಿದ್ದರು. ಆ ನೆರಳು ಸೂರ್ಯನ ಎತ್ತರದ ಕೋನದ ಕೊಟ್ ಅನ್ನು ಹನ್ನೆರಡರಿಂದ ಗುಣಿಸಿದ್ದೇ ಆಗಿದೆ. ಆರ್ಯಭಟೀಯದ ಗಣಿತಪಾದದಲ್ಲಿ ಎರಡು ಶಂಕುಗಳ ನೆರಳುಗಳಿಂದ ದೀಪದ ಎತ್ತರ ಕಂಡುಹಿಡಿಯುವ ಕ್ರಮವಿದೆ. ಮೇಲಿನ ವ್ಯವಕಲನಕ್ಕೆ ಅದು ಹತ್ತಿರದ ನಂಟು.

ಇಂಜಿನಿಯರುಗಳ ಕಡತಗಳಲ್ಲಿ ಇಳಿಜಾರನ್ನು ಡಿಗ್ರಿಯಲ್ಲಿ ಬರೆಯುವುದು ಕಡಿಮೆ. 1:2 ಎಂದು ಬರೆದಿರುತ್ತಾರೆ. ಎತ್ತರ ಮೊದಲೋ ಅಗಲ ಮೊದಲೋ ಎಂದು ಹೇಳದಿದ್ದರೆ ಇದು ಅಪಾಯದ ಬರವಣಿಗೆ. ಒಂದು ಎತ್ತರಕ್ಕೆ ಎರಡು ಅಗಲ ಎಂದಾದರೆ ಕೊಟ್ 2, ಕೋನ 26.6 ಡಿಗ್ರಿ, 20 ಮೀಟರ್ ಗುಡ್ಡಕ್ಕೆ 40 ಮೀಟರ್ ಜಾಗ. ತಿರುಗಿಸಿ ಓದಿದರೆ ಕೊಟ್ ಅರ್ಧ, ಕೋನ 63.4 ಡಿಗ್ರಿ, 10 ಮೀಟರ್ ಜಾಗ. ನಕ್ಷೆಯಲ್ಲಿ ಬುಡದ ಗೆರೆಗೂ ನೆತ್ತಿಯ ಗೆರೆಗೂ ನಡುವಿನ ಅಂತರ ಅಳೆದು ಎತ್ತರದಿಂದ ಭಾಗಿಸಿ ನೋಡಿದರೆ ಯಾವುದೆಂದು ತಕ್ಷಣ ಗೊತ್ತಾಗುತ್ತದೆ.

ನಿಮ್ಮ ಕ್ಯಾಲ್ಕುಲೇಟರಿನಲ್ಲಿ ಕೊಟ್, ಸೆಕ್, ಕೊಸೆಕ್ ಗುಂಡಿಗಳಿಲ್ಲ. ಅದಕ್ಕೆ sin⁻¹ ಗುಂಡಿ ಒತ್ತುವವರನ್ನು ಪ್ರತಿ ವರ್ಷ ನೋಡುತ್ತೇನೆ. ಅದು ಕೋನ ಕೊಡುವ ಗುಂಡಿ, ವ್ಯುತ್ಕ್ರಮ ಕೊಡುವುದಲ್ಲ. ಸೈನ್ ಬೆಲೆ ಬಂದ ಮೇಲೆ x⁻¹ ಒತ್ತಬೇಕು. ತಪ್ಪು ಹಿಡಿಯಲು ಗ್ರಾಫ್ ನೆನಪಿಸಿಕೊಂಡರೆ ಸಾಕು: ಕೊಸೆಕ್ ಅಥವಾ ಸೆಕ್ −1 ಮತ್ತು 1ರ ನಡುವೆ ಬಂದರೆ ಅದು ಖಂಡಿತ ತಪ್ಪು. ಇನ್ನೊಂದು ಸೂಕ್ಷ್ಮ. cot 90° ಬೇಕೆಂದು ಟ್ಯಾನ್ ಒತ್ತಿದರೆ ಯಂತ್ರ ದೋಷ ತೋರಿಸುತ್ತದೆ, ಯಾಕೆಂದರೆ tan 90° ಇಲ್ಲ. ಆದರೆ cot 90° ಇದೆ, ಸೊನ್ನೆ. ಅದಕ್ಕಾಗಿ ಕೊಟ್ ಅನ್ನು ಯಾವಾಗಲೂ cos θ / sin θ ಎಂದು ಬರೆದುಕೊಳ್ಳಿ. ನೇರ ಗೋಡೆಗೂ ಆಗ ಉತ್ತರ ಸಿಗುತ್ತದೆ.

ಸೆಕ್‌ನ ಬಳಕೆಯ ಬಗ್ಗೆ ಇದುವರೆಗೆ ಹೆಚ್ಚು ಹೇಳಲಿಲ್ಲ. ಅದನ್ನು ಕಾಣಲು ಹಳಿಯ ಕಡೆಗೆ ಹೋಗಬೇಕಾಗಿಲ್ಲ, ಹಂಚಿನ ಮಾಡು ಇರುವ ಯಾವ ಮನೆಯಾದರೂ ಆದೀತು. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಊರೂರಿಗೆ ಹೋಯಿತು. ಮಾಡು ಮಾಡಿಸುವವರ ಕೈಯಲ್ಲಿರುವುದು ಎತ್ತರ ಅಲ್ಲ, ಮನೆಯ ಅಡಿಪಾಯದ ಅಳತೆ. ಆದ್ದರಿಂದ ಜೋಡಿ ಬದಲಾಯಿತು. ಗೋಡೆಯಿಂದ ಮಾಡಿನ ನೆತ್ತಿಯವರೆಗೆ ಅಡ್ಡಕ್ಕೆ 4 ಮೀಟರ್ ಇದ್ದು ಮಾಡಿನ ಕೋನ 30 ಡಿಗ್ರಿ ಆದರೆ ಪಕ್ಕಾಸಿನ ಉದ್ದ 4 sec 30°, ಅಂದರೆ 4.62 ಮೀಟರ್. ಗೋಡೆಯಿಂದ ಹೊರಗೆ ಚಾಚುವ ಭಾಗವನ್ನು ಮೊದಲೇ ಅಡ್ಡ ಅಳತೆಗೆ ಸೇರಿಸಿಕೊಂಡು ಗುಣಿಸಬೇಕು.

ಹಂಚು ಎಷ್ಟು ಬೇಕು ಎಂಬಲ್ಲಿ ಸೆಕ್‌ನ ಚೆಂದ ಇನ್ನೂ ಹೆಚ್ಚು. ಚಾಚು ಸೇರಿಸಿ ಮಾಡು ಮುಚ್ಚುವ ನೆಲ 8 ಮೀಟರ್ ಅಗಲ, 12 ಮೀಟರ್ ಉದ್ದ, ಅಂದರೆ 96 ಚದರ ಮೀಟರ್. ಮಾಡಿನ ವಿಸ್ತೀರ್ಣ 96 sec 30° = 110.9 ಚದರ ಮೀಟರ್. ಎರಡು ಕಡೆ ಇಳಿಜಾರಿರುವ ಮಾಡಾಗಲಿ, ನಾಲ್ಕೂ ಕಡೆ ಇಳಿಯುವ ಮಾಡಾಗಲಿ, ಉತ್ತರ ಇದೇ. ನಾಲ್ಕು ಕಡೆಯ ಮಾಡಿನಲ್ಲಿ ಎರಡು ತ್ರಿಕೋನ, ಎರಡು ಚತುರ್ಭುಜ ಬರುತ್ತವೆ, ಅವನ್ನು ಒಂದೊಂದಾಗಿ ಅಳೆದು ಕೂಡಿಸುವವರಿದ್ದಾರೆ. ಬೇಕಾಗಿಲ್ಲ. ಪ್ರತಿಯೊಂದು ಮುಖವೂ ತನ್ನ ಕೆಳಗಿನ ನೆಲದ sec θ ಪಟ್ಟು ಇರುತ್ತದೆ, ಕೋನ ಎಲ್ಲಕ್ಕೂ ಒಂದೇ ಆದ್ದರಿಂದ ನೆಲವನ್ನು ಒಟ್ಟಿಗೆ ಕೂಡಿಸಿ ಒಮ್ಮೆ ಗುಣಿಸಿದರೆ ಮುಗಿಯಿತು. ಬಳಿಕ ಒಂದು ಚದರ ಮೀಟರಿಗೆ ಎಷ್ಟು ಹಂಚು ಎಂಬ ಕಾರ್ಖಾನೆಯ ಲೆಕ್ಕದಿಂದ ಗುಣಿಸಿ, ಒಡೆಯುವುದಕ್ಕೆಂದು ಸ್ವಲ್ಪ ಹೆಚ್ಚು ಹಿಡಿಯುವುದು.

ಸೆಕ್ ಗ್ರಾಫ್ ಸೊನ್ನೆಯ ಬಳಿ 1ರಲ್ಲಿ ತಳ ಊರಿ ಬಹಳ ನಿಧಾನವಾಗಿ ಏಳುತ್ತದೆ. 10 ಡಿಗ್ರಿಗೆ 1.015, 25ಕ್ಕೆ 1.103, 35ಕ್ಕೆ 1.221, 60ಕ್ಕೆ 2. ಕೋನವನ್ನು 30ರ ಬದಲು 25 ಎಂದು ತಪ್ಪಾಗಿ ಹಿಡಿದರೆ ನಮ್ಮ ಮಾಡಿನಲ್ಲಿ 5 ಚದರ ಮೀಟರ್ ಕಡಿಮೆ ಬೀಳುತ್ತದೆ, ತೀರ ಕಷ್ಟವಾಗದು. ಅದೇ ಐದು ಡಿಗ್ರಿಯ ತಪ್ಪು ಕಡಿದಾದ ಇಗರ್ಜಿ ಗೋಪುರದ ಚೂಪು ಮಾಡಿನಲ್ಲಿ ಆದರೆ ಲೆಕ್ಕವೇ ಕೆಡುತ್ತದೆ: 70 ಡಿಗ್ರಿಗೆ ಸೆಕ್ 2.92, 75ಕ್ಕೆ 3.86. ಅಂಥ ಮಾಡಿಗೆ ಕೋನ ಅಳೆಯಲು ಹೋಗಬೇಡಿ, ಓರೆಯನ್ನೇ ಟೇಪಿನಲ್ಲಿ ಅಳೆಯಿರಿ. ಮಾಡಿನ ಒಂದು ಕಡೆ 30, ಜಗಲಿಯ ಕಡೆ 20 ಡಿಗ್ರಿ ಎಂದು ಬೇರೆ ಬೇರೆ ಇದ್ದರೆ ಒಟ್ಟಿಗೆ ಗುಣಿಸುವಂತಿಲ್ಲ. ನೆಲವನ್ನು ಆಯಾ ಮುಖಕ್ಕೆ ತಕ್ಕಂತೆ ಭಾಗ ಮಾಡಿ, ಒಂದನ್ನು sec 30°ಯಿಂದ, ಇನ್ನೊಂದನ್ನು sec 20°ಯಿಂದ ಗುಣಿಸಿ ಕೂಡಿಸಬೇಕು.

ಇತಿ,
ನಿಮ್ಮೂರಿನಲ್ಲಿ ಗಣಿತ ಪಾಠ ಹೇಳುವವನು